ವರ್ಷದ ವೊಲಟಿಲಿಟಿಯನ್ನು 252ರಿಂದ ಭಾಗಿಸಬೇಡಿ

"ಪೋರ್ಟ್‌ಫೋಲಿಯೊ 10 ಲಕ್ಷ, ವರ್ಷದ ವೊಲಟಿಲಿಟಿ 24%. ಅದನ್ನ 252ರಿಂದ ಭಾಗಿಸಿ 1.645ರಿಂದ ಗುಣಿಸಿದೆ. 95% ಕಾನ್ಫಿಡೆನ್ಸ್‌ಗೆ ಒಂದು ದಿನದ ವಿಎಆರ್, ಅಂದ್ರೆ ನೂರರಲ್ಲಿ 95 ದಿನ ನಷ್ಟ ದಾಟದ ಮೊತ್ತ, 1,567 ರೂಪಾಯಿ ಬಂತು. ಇಷ್ಟೇ ರಿಸ್ಕ್ ಅಂದ್ರೆ ಇನ್ನೊಂದು 10 ಲಕ್ಷದ ಷೇರು ಎಂಟಿಎಫ್‌ನಲ್ಲಿ, ಅಂದ್ರೆ ಬ್ರೋಕರ್ ಸಾಲದಲ್ಲಿ, ತಗೋಬಹುದು ಅಲ್ವಾ?"

ತಗೋಬೇಡಿ. ಮೊದಲು ಆ ಶೀಟ್ ಸರಿ ಮಾಡಿ.

ನಿಮ್ಮ ಪೋಸ್ಟ್ ನೋಡಿ ಹೊಟ್ಟೆ ಚುರುಕ್ ಅಂತು. 2019ರಲ್ಲಿ ನಾನೂ ಇದನ್ನೇ ಮಾಡಿದ್ದೆ. ಆಗ ನನ್ನ ಹತ್ತಿರ 6 ಲಕ್ಷದ ಷೇರು, ವೊಲಟಿಲಿಟಿ 22%. 252ರಿಂದ ಭಾಗಿಸಿದ್ದಕ್ಕೆ ವಿಎಆರ್ 862 ರೂಪಾಯಿ ಅಂತ ಬಂತು. ಖುಷಿಯೋ ಖುಷಿ. ಮುಂದಿನ ಸೋಮವಾರ, ಸುದ್ದಿ ಗಿದ್ದಿ ಏನೂ ಇಲ್ಲದ ದಿನ, 9,000 ಹೋಯಿತು. ನೂರರಲ್ಲಿ ಐದು ದಿನ ಹೀಗಾಗತ್ತೆ ಅಂತ ಬರೆದಿದ್ದಾರಲ್ಲ, ಇದು ಆ ದಿನ ಇರಬೇಕು ಅಂದುಕೊಂಡೆ. ತಿಂಗಳ ಕೊನೆಗೆ ಡೈರಿ ತೆಗೆದು ಎಣಿಸಿದರೆ 20 ದಿನದಲ್ಲಿ 9 ದಿನ ನಷ್ಟ 862 ದಾಟಿತ್ತು. ನೂರರಲ್ಲಿ ಐದು ಎಲ್ಲಿ, ಇಪ್ಪತ್ತರಲ್ಲಿ ಒಂಬತ್ತು ಎಲ್ಲಿ! ಆದರೂ ಶೀಟ್ ಮೇಲೆ ಅನುಮಾನ ಬರಲಿಲ್ಲ, ಮಾರ್ಕೆಟ್ ಮೇಲೆ ಬಂತು. ಅದೇ ಲೆಕ್ಕ ನಂಬಿ ಷೇರು ಅಡ ಇಟ್ಟು 3 ಲಕ್ಷ ತೆಗೆದೆ. 2020ರ ಮಾರ್ಚ್‌ನಲ್ಲಿ ಬೆಲೆ ಬಿದ್ದು, ಇನ್ನಷ್ಟು ದುಡ್ಡು ಕಟ್ಟಿ ಅಂತ ಮಾರ್ಜಿನ್ ಕಾಲ್ ಬಂದಾಗ ಸಿಕ್ಕಿದ ಬೆಲೆಗೆ ಮಾರಿದೆ. ಬೇರೆ ಯಾರದ್ದೂ ತಪ್ಪಲ್ಲ, ನನ್ನದೇ.

ತಪ್ಪು ಇರುವುದು ಇಲ್ಲಿ. ಒಂದು ದಿನ ಏರತ್ತೆ, ಇನ್ನೊಂದು ದಿನ ಇಳಿಯತ್ತೆ, ಒಂದಕ್ಕೊಂದು ಅರ್ಧಂಬರ್ಧ ವಜಾ ಆಗ್ತಾ ಹೋಗತ್ತೆ. ಹಾಗಾಗಿ ದಿನದಿಂದ ದಿನಕ್ಕೆ ಕೂಡಿಕೊಳ್ಳುವುದು ವೊಲಟಿಲಿಟಿ ಅಲ್ಲ, ಅದರ ವರ್ಗ. ನಿಮ್ಮ 24ರ ವರ್ಗ 576. ಅದನ್ನು ವರ್ಷದಲ್ಲಿ ವಹಿವಾಟು ನಡೆಯುವ ಸುಮಾರು 252 ದಿನಕ್ಕೆ ಹಂಚಿದರೆ 2.29. ಅದರ ವರ್ಗಮೂಲ 1.51. ಅಂದರೆ ದಿನದ ವೊಲಟಿಲಿಟಿ 1.51%, ನೀವು ಹಾಕಿದ 0.095% ಅಲ್ಲ. ಶೀಟ್‌ನಲ್ಲಿ ಇಷ್ಟೇ:

```
=NORM.S.INV(0.95)*0.24/SQRT(252)*1000000
```

24,868 ರೂಪಾಯಿ ಬರಬೇಕು. ನಿಮ್ಮ ಉತ್ತರದ ಸುಮಾರು 16 ಪಟ್ಟು, ಯಾಕಂದರೆ 252ರ ವರ್ಗಮೂಲ ಹತ್ತಿರ ಹತ್ತಿರ 16. ಬಾಯಿಲೆಕ್ಕಕ್ಕೂ ಅದೇ 16 ಸಾಕು: ವರ್ಷದ್ದನ್ನು 16ರಿಂದ ಭಾಗಿಸಿ. 24 ಇದ್ದರೆ ದಿನಕ್ಕೆ ಒಂದೂವರೆ ಪರ್ಸೆಂಟ್. ಹತ್ತು ದಿನದ್ದು ಬೇಕಾದರೂ ಹತ್ತರಿಂದ ಗುಣಿಸಬೇಡಿ, ಹತ್ತರ ವರ್ಗಮೂಲ 3.16ರಿಂದ ಗುಣಿಸಿ.

ಮೇಲೆ ಒಬ್ಬ ಅಣ್ಣ "95%ಗೆ 1.96 ಅಲ್ವಾ" ಅಂದಿದ್ದಾರೆ. ಸಂಖ್ಯೆ ಸರಿ, ಜಾಗ ತಪ್ಪು. 1.96 ಎರಡೂ ಬದಿಗೆ ಎರಡೂವರೆ ಎರಡೂವರೆ ಬಿಡುವಾಗಿನದು. ನಮಗೆ ಲಾಭದ ಬದಿಯ ಚಿಂತೆ ಇಲ್ಲ, ಐದೂ ನಷ್ಟದ ಬದಿಯಲ್ಲೇ ಇರಬೇಕು, ಅದಕ್ಕೇ 1.645. ಸರಾಸರಿ ಲಾಭವನ್ನೂ ಸೇರಿಸಬೇಕು ಅಂತ ಹಿರಿಯ ಸರ್ ಒಬ್ಬರು ಬರೆದದ್ದು ಪೂರ್ತಿ ನಿಜ. ಆದರೆ ವರ್ಷಕ್ಕೆ 12% ಅಂದರೂ ದಿನಕ್ಕೆ 0.05% ಕೂಡ ಆಗಲ್ಲ. ಒಂದು ದಿನದ ಲೆಕ್ಕಕ್ಕೆ ನಾನು ಬಿಟ್ಟುಬಿಡುತ್ತೇನೆ.

ಮ್ಯೂಚುವಲ್ ಫಂಡ್ ಫ್ಯಾಕ್ಟ್‌ಶೀಟ್‌ನಲ್ಲಿರುವ ಸ್ಟ್ಯಾಂಡರ್ಡ್ ಡೀವಿಯೇಷನ್ ಹಾಕಬಹುದಾ ಅಂತ ಕೇಳಿದ ಮೇಡಂ, ಅದು ಇಲ್ಲಿನ ಪ್ರಶ್ನೆ ಅಲ್ಲ, ಆದರೂ ಹೇಳ್ತೀನಿ. ಅದು ಸಾಮಾನ್ಯವಾಗಿ ವರ್ಷದ ಲೆಕ್ಕಕ್ಕೆ ತಂದ ಸಂಖ್ಯೆ, 16ರಿಂದ ಭಾಗಿಸಿಯೇ ಬಳಸಿ.

ಈಗ ಆ 24% ಎಲ್ಲಿಂದ ತಂದಿರಿ ಅನ್ನುವುದು. ಪ್ರತಿ ಷೇರಿನ ವೊಲಟಿಲಿಟಿ ತೆಗೆದು ಸರಾಸರಿ ಮಾಡಿದ್ದರೆ ಅದೂ ಸರಿಯಲ್ಲ, ಷೇರುಗಳು ಒಟ್ಟಿಗೆ ಏರಿಳಿಯುವುದಿಲ್ಲವಲ್ಲ. ನಾನು ಕೋರಿಲೇಷನ್ ಕೋಷ್ಟಕದ ಗೋಜಿಗೇ ಹೋಗಲ್ಲ. ಇವತ್ತು ಕೈಯಲ್ಲಿರುವಷ್ಟೇ ಷೇರು ಕಳೆದ 250 ದಿನವೂ ಇತ್ತು ಅಂದುಕೊಂಡು ದಿನದಿನದ ಒಟ್ಟು ಬೆಲೆಯ ಒಂದು ಕಾಲಂ ಮಾಡುತ್ತೇನೆ. ಪಕ್ಕದಲ್ಲಿ ದಿನದ ಶೇಕಡಾ ಬದಲಾವಣೆ. ಅದರ ಮೇಲೆ `STDEV.S`. ಬರುವುದು ದಿನದ ವೊಲಟಿಲಿಟಿಯೇ, ಅದನ್ನು ಮತ್ತೆ 16ರಿಂದ ಭಾಗಿಸಬೇಡಿ. ಮುಗೀತು, ಕೋರಿಲೇಷನ್ ತಾನೇ ಒಳಗೆ ಸೇರಿಕೊಂಡಿರತ್ತೆ. ಲಿಬ್ರೆಆಫೀಸ್‌ನಲ್ಲೇ ಚೆನ್ನಾಗಿ ಆಗತ್ತೆ, ಇಷ್ಟಕ್ಕೆ ಎಕ್ಸೆಲ್‌ಗೆ ದುಡ್ಡು ಕೊಡಬೇಡಿ. ಫೋನ್‌ನಲ್ಲಿ ಮಾಡೋ ಹಠ ಬೇಡ, ಒಂದು ಸಾಲು ತಪ್ಪಿ ಎಳೆದರೂ ಗೊತ್ತೇ ಆಗಲ್ಲ. ಎನ್ಎಸ್ಇ ದಿನವೂ ಬಿಡುವ ಬೆಲೆಪಟ್ಟಿ ಭಾವ್‌ಕಾಪಿಯಿಂದ ಬೆಲೆ ತೆಗೆದರೆ ಸ್ಪ್ಲಿಟ್, ಬೋನಸ್ ಸರಿ ಮಾಡಿಕೊಳ್ಳಿ. 1:1 ಬೋನಸ್ ದಿನ ಬೆಲೆ ಅರ್ಧಕ್ಕೆ ಬಿದ್ದ ಹಾಗೆ ಕಂಡು ವೊಲಟಿಲಿಟಿ ಎಲ್ಲಿಗೋ ಹಾರತ್ತೆ.

ಆಮೇಲೆ ಎಣಿಸಿ. ಇದನ್ನು ಎಷ್ಟು ಸಲ ಬೇಕಾದರೂ ಹೇಳ್ತೀನಿ. 250 ದಿನದಲ್ಲಿ ನಷ್ಟ ವಿಎಆರ್ ದಾಟಿದ ದಿನ ಹನ್ನೆರಡು ಹದಿಮೂರು ಇರಬೇಕು. 7ರಿಂದ 18ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎಣಿಸುವಾಗ ಪ್ರತಿ ದಿನಕ್ಕೂ ಅದರ ಹಿಂದಿನ ದಿನದವರೆಗಿನ ವೊಲಟಿಲಿಟಿಯನ್ನೇ ಹಾಕಿ, ಅದಕ್ಕೆ ಬೆಲೆಯ ಕಾಲಂ ಅನ್ನು ಇನ್ನೂ 250 ದಿನ ಹಿಂದಕ್ಕೆ ಎಳೆಯಬೇಕು. ಇಡೀ ವರ್ಷದ್ದು ಹಾಕಿ ಅದೇ ವರ್ಷವನ್ನು ಎಣಿಸಿದರೆ ಉತ್ತರ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ. ಹನ್ನೆರಡೂ ಒಂದೇ ತಿಂಗಳಲ್ಲಿ ಗುಂಪಾಗಿ ಬಂದಿದ್ದರೆ ನಿಮ್ಮ ವೊಲಟಿಲಿಟಿ ಮಾರ್ಕೆಟ್‌ಗಿಂತ ಹಿಂದೆ ಓಡ್ತಿದೆ ಅಂತ ಅರ್ಥ. ಇತ್ತೀಚಿನ ದಿನಗಳಿಗೆ ಜಾಸ್ತಿ ತೂಕ ಕೊಡುವ ಕ್ರಮ ಇದೆ. ಜೆ.ಪಿ. ಮಾರ್ಗನ್‌ನವರು 1994ರಲ್ಲಿ ಬಿಟ್ಟ ರಿಸ್ಕ್‌ಮೆಟ್ರಿಕ್ಸ್‌ನಲ್ಲಿ ಒಂದೊಂದು ದಿನ ಹಿಂದೆ ಹೋದಂತೆ ತೂಕವನ್ನು 0.94ರಿಂದ ಗುಣಿಸುತ್ತಾ ಹೋಗಿದ್ದಾರೆ. ನಾನು ಎರಡನ್ನೂ ಹಾಕಿ ದೊಡ್ಡದನ್ನು ತಗೋತೀನಿ. ಇದರಲ್ಲಿ ಮೇಲಿನ ಹಿರಿಯ ಸರ್‌ಗೂ ನನಗೂ ಇನ್ನೂ ಜಗಳ ಇದೆ.

"99% ಹಾಕಿಬಿಡಿ, ಸೇಫ್" ಅಂದವರಿಗೆ: 1.645ರ ಜಾಗದಲ್ಲಿ 2.326 ಬರತ್ತೆ, 24,868 ಹೋಗಿ 35,171 ಆಗತ್ತೆ, ಅಷ್ಟೇ. ಈ ಸೂತ್ರ ನಂಬಿರುವ ನಾರ್ಮಲ್ ಕರ್ವ್‌ನ ಬಾಲ ತುಂಬಾ ತೆಳು, ದೊಡ್ಡ ಕುಸಿತ ಅದರಲ್ಲಿ ಬಹಳ ಅಪರೂಪ. ದಿನಕ್ಕೆ 1% ವೊಲಟಿಲಿಟಿ ಇರುವ ಇಂಡೆಕ್ಸ್ ಒಂದೇ ದಿನ 6% ಬೀಳುವುದು ಅದರ ಪ್ರಕಾರ ಸುಮಾರು 40 ಲಕ್ಷ ವರ್ಷಕ್ಕೊಮ್ಮೆ. ನಿಫ್ಟಿ 2020ರ ಮಾರ್ಚ್ 23ರಂದು ಸುಮಾರು 13% ಬಿತ್ತು, 2024ರ ಜೂನ್ 4ರಂದು ಹತ್ತಿರ ಹತ್ತಿರ 6%. ನಾಲ್ಕೂ ಚಿಲ್ಲರೆ ವರ್ಷದಲ್ಲಿ ಕನಿಷ್ಠ ಎರಡು ಸಲ. ಹಾಗಾಗಿ 24,868 ಅಂದರೆ ಅದಕ್ಕಿಂತ ಜಾಸ್ತಿ ಹೋಗಲ್ಲ ಅಂತಲ್ಲ. ತಿಂಗಳಿಗೊಂದು ದಿನ ಅದನ್ನು ದಾಟತ್ತೆ ಅಂತ. ದಾಟಿದ ದಿನ ಎಷ್ಟು ಹೋಗತ್ತೆ ಅಂತ ಅದು ಬಾಯೇ ಬಿಡಲ್ಲ. ಸಾಮಾನ್ಯ ದಿನಕ್ಕೆ ವಿಎಆರ್ ನೋಡಿ, ಸಾಲಕ್ಕೆ 13% ಬೀಳೋ ದಿನ ನೋಡಿ.

ನಿಮ್ಮ ಎಂಟಿಎಫ್‌ಗೆ ಅದೇ ಲೆಕ್ಕ ಹಾಕೋಣ. ಅದೇ ಷೇರು ಇನ್ನೊಂದು 10 ಲಕ್ಷಕ್ಕೆ ತಗೊಂಡರೆ ಒಟ್ಟು 20 ಲಕ್ಷ, ವಿಎಆರ್ 49,736. ಆದರೆ ನಿಮ್ಮ ಸ್ವಂತದ್ದು ಆಗಲೂ 10 ಲಕ್ಷವೇ, ಅಂದರೆ ತಿಂಗಳಿಗೊಮ್ಮೆ ಅದರ 5% ಒಂದೇ ದಿನದಲ್ಲಿ. 13% ಬಿದ್ದರೆ 2.6 ಲಕ್ಷ. ಬಡ್ಡಿ ಬೇರೆ ಓಡ್ತಾ ಇರತ್ತೆ.

ಇನ್ನೊಂದು, ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ 5% ಸರ್ಕ್ಯೂಟ್‌ನ ಸಣ್ಣ ಷೇರು ಎರಡು ಕಾಣಿಸ್ತು. ಅವುಗಳ ವೊಲಟಿಲಿಟಿ ನಂಬಬೇಡಿ. ದಿನಕ್ಕೆ 5%ಗಿಂತ ಜಾಸ್ತಿ ಬೀಳೋಕೆ ಬಿಡೋದೇ ಇಲ್ಲ, ಅದಕ್ಕೆ ಶೀಟ್‌ನಲ್ಲಿ ಸಾಧು ಥರ ಕಾಣತ್ತೆ. ಲೋವರ್ ಸರ್ಕ್ಯೂಟ್ ಬಿದ್ದ ದಿನ ಕೊಳ್ಳೋರೇ ಇರಲ್ಲ, ಮಾರಾಟದ ಆರ್ಡರ್ ಸಾಲಿನಲ್ಲಿ ನಿಂತಿರತ್ತೆ. ಆ ಎರಡನ್ನು ಬಿಟ್ಟು ಉಳಿದವಕ್ಕೆ 250 ದಿನ ಎಣಿಸಿ, ಎಷ್ಟು ಸಲ ದಾಟಿತು ಅಂತ ಇಲ್ಲೇ ಹಾಕಿ.