ಯೋಧರ ಹೆಸರಿನಲ್ಲಿ ಹಳೇ ಕಾರು: ಮುಂಗಡ ಕೊಡಬಹುದೇ?

"ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಡ್ಯೂಟಿ, ಈಗ ವರ್ಗ ಆಗಿದೆ ಅಂತಾರೆ. ಸ್ವಿಫ್ಟ್ 1.6 ಲಕ್ಷಕ್ಕೆ. ಸಾಗಣೆಗೆ 5,100 ಮುಂಗಡ ಕೇಳ್ತಿದ್ದಾರೆ, ಐಡಿ ಕಾರ್ಡೂ ಕಳಿಸಿದ್ದಾರೆ. ಕೊಡಬಹುದಾ?"

ದಯವಿಟ್ಟು ಕೊಡಬೇಡಿ. ಕಾರ್ಡು ನಿಜವಾದ ಯೋಧರದ್ದೇ ಇರಬಹುದು, ಕಳಿಸಿದವನು ಅವರಲ್ಲ. ಕಾರಿನ ಫೋಟೊ, ಆರ್‌ಸಿಗಳನ್ನೂ ಬೇರೆಯವರ ಜಾಹೀರಾತಿನಿಂದ ಎತ್ತಿಕೊಳ್ಳುತ್ತಾರೆ.

ಈ 5,100 ಬರೀ ಶುರು. ಕಟ್ಟಿದ ಮೇಲೆ ಸೇನೆಯ ಮುದ್ರೆಯಿರುವ ರಸೀದಿ ವಾಟ್ಸ್ಆ್ಯಪ್‌ಗೆ ಬರುತ್ತದೆ. ಆಮೇಲೆ "ಡ್ರೈವರ್" ಫೋನು: "ಟೋಲ್ ಹತ್ತಿರ ಇದ್ದೀನಿ ಸರ್, ಜಿಎಸ್‌ಟಿ 12,000 ಹಾಕಿ, ಡೆಲಿವರಿ ಆದಮೇಲೆ ವಾಪಸ್." ಮೊದಲಿನ ಹಣ ಉಳಿಸಿಕೊಳ್ಳಲು ಜನ ಮತ್ತೆ ಮತ್ತೆ ಹಾಕುತ್ತಾರೆ, ದೊಡ್ಡ ನಷ್ಟ ಆಗುವುದು ಅಲ್ಲೇ.

ಕಾರು ದೇವನಹಳ್ಳಿಯಲ್ಲೇ ಇದ್ದರೆ ಸಾಗಣೆ ಯಾಕೆ? "ನಾನೇ ಬಂದು ನೋಡಿ, ಓಡಿಸಿ, ಅಲ್ಲೇ ದುಡ್ಡು ಕೊಡ್ತೀನಿ" ಎನ್ನಿ. "ಒಳಗೆ ಬಿಡಲ್ಲ" ಎಂದರೆ ನಂಬರ್ ಬ್ಲಾಕ್ ಮಾಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ವಂಚಕನ ಖಾತೆಯಿಂದ ದಾಟುವ ಮುಂಚೆಯಾದರೆ ತಡೆಹಿಡಿಯಲು ಸಾಧ್ಯ.