ಬೋಂಡದ ಒಳಗೆ ಹಸಿ ಉಳಿಯುವುದು ಉರಿ ಜಾಸ್ತಿಯಾಗಿ

ಪ್ರಶ್ನೆ: ನಾನು ಮಾಡುವ ಮೆಣಸಿನಕಾಯಿ ಬಜ್ಜಿ, ಬೋಂಡ ಎರಡೂ ಮೇಲೆ ಬೇಗ ಕೆಂಪಗಾಗುತ್ತೆ, ಒಳಗೆ ಹಿಟ್ಟು ಹಸಿಯಾಗೇ ಇರುತ್ತೆ. ಸೋಡ ಜಾಸ್ತಿ ಹಾಕಿದ್ರೆ ಒಳಗೂ ಬೇಯುತ್ತಾ? ಗರಿಗರಿಯಾಗೋಕೆ ಹಿಟ್ಟಿನ ಅಳತೆ ಹೇಳಿ.

ಸೋಡ ಡಬ್ಬಿ ಎತ್ತಿ ಒಳಗಿಡಿ. ನಿಮ್ಮ ಹಿಟ್ಟಿನಲ್ಲಿ ತಪ್ಪಿಲ್ಲ, ಎಣ್ಣೆಯ ಕಾವಿನಲ್ಲಿದೆ. ಇದೇ ವಿಷಯಕ್ಕೆ ನಾನು ಒಂದು ಒಳ್ಳೆಯ ಆರ್ಡರ್ ಕಳೆದುಕೊಂಡಿದ್ದೇನೆ.

ಮಂಡ್ಯದಲ್ಲಿ ಸಂಜೆ ಹೊತ್ತು ತಳ್ಳುಗಾಡಿಯಲ್ಲಿ ಬೋಂಡ, ಬಜ್ಜಿ ಹಾಕುತ್ತಿದ್ದೆ. ಬಾಣಲೆ ಚಿಕ್ಕದು, ಬರುವವರು ಇಬ್ಬರು ಮೂವರು. ಒಂದೊಂದು ಒಬ್ಬೆ ನಿಧಾನವಾಗಿ ಕರಿದರೂ ನಡೆಯುತ್ತಿತ್ತು. ಆಗ ಶ್ರೀರಂಗಪಟ್ಟಣದ ಕಡೆ ಒಂದು ಗೃಹಪ್ರವೇಶಕ್ಕೆ ಸಂಜೆ ತಿಂಡಿ ಒಪ್ಪಿಕೊಂಡೆ. ಉದ್ದಿನ ಬೋಂಡ, ಮೆಣಸಿನಕಾಯಿ ಬಜ್ಜಿ. ದೊಡ್ಡ ಬಾಣಲೆ, ದೊಡ್ಡ ಒಲೆ, ನೆಂಟರೆಲ್ಲ ಒಟ್ಟಿಗೇ ಕೂತಿದ್ದಾರೆ.

ಬೇಗ ಆಗಲಿ ಅಂತ ಬಾಣಲೆ ತುಂಬ ಬೋಂಡ ಬಿಟ್ಟೆ. ಚುಯ್ ಅನ್ನುತ್ತಿದ್ದ ಎಣ್ಣೆ ತಣ್ಣಗೆ ಸುಮ್ಮನಾಯಿತು. ಗುಳ್ಳೆಗಳು ಸಣ್ಣಗಾದವು, ಬೋಂಡ ಬಿಳುಚಿಕೊಂಡು ತೇಲುತ್ತಿದ್ದವು. ಗಾಬರಿಯಾಗಿ ಉರಿ ಪೂರ್ತಿ ಏರಿಸಿದೆ. ಆ ಒಬ್ಬೆ ಎಣ್ಣೆ ಕುಡಿದು ಭಾರವಾಗಿ ಬಂತು. ಉರಿ ಹಾಗೇ ಇಟ್ಟುಕೊಂಡು ಎರಡನೇ ಒಬ್ಬೆ ಬಿಟ್ಟೆ. ಈ ಸಲ ನೋಡನೋಡುತ್ತಲೇ ಬಣ್ಣ ಬಂದುಬಿಟ್ಟಿತು. ಚೆನ್ನಾಗಿ ಬೆಂದಿದೆ ಅಂದುಕೊಂಡು ತೆಗೆದು ಬಡಿಸಲು ಕಳಿಸಿದೆ. ಸ್ವಲ್ಪ ಹೊತ್ತಿಗೆ ಮನೆಯ ಅಜ್ಜಿಯೊಬ್ಬರು ಒಂದು ಬೋಂಡ ಮುರಿದು ತಂದು ತೋರಿಸಿದರು. ಅಂಚಿನಲ್ಲಿ ತೆಳ್ಳಗೆ ಬೆಂದ ಪದರ, ನಡುವೆ ಹೆಬ್ಬೆರಳಿಗೆ ಅಂಟುವ ಹಸಿ ಹಿಟ್ಟು. ಆ ಮನೆಯವರು ಮುಂದಿನ ತಿಂಗಳ ಮದುವೆ ಕೆಲಸವನ್ನೂ ನನಗೇ ಕೊಡುವವರಿದ್ದರು. ಅದು ಅಲ್ಲಿಗೇ ನಿಂತಿತು.

ಅಲ್ಲಿ ಊಟದ ಅಡುಗೆಗೆ ಬಂದಿದ್ದ ಭಟ್ಟರು ಒಲೆ ಹತ್ತಿರ ಬಂದು ಮೊದಲು ಉರಿ ಇಳಿಸಿದರು. "ಉರಿ ಜಾಸ್ತಿ ಮಾಡಿದ್ರೆ ಬೇಯಲ್ಲ ಕಣಪ್ಪಾ, ಬಣ್ಣ ಬರುತ್ತೆ ಅಷ್ಟೆ" ಅಂದರು.

ನಾನು ಮಾಡಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮನೆಯಲ್ಲೂ ಎಲ್ಲರೂ ಮಾಡುವುದು ಇದನ್ನೇ. ಹಿಟ್ಟಿನಲ್ಲಿರುವ ನೀರು ಆವಿಯಾಗುವುದಕ್ಕೆ ಎಣ್ಣೆಯ ಕಾವನ್ನು ಎಳೆದುಕೊಳ್ಳುತ್ತದೆ. ಒಟ್ಟಿಗೆ ಜಾಸ್ತಿ ಬಿಟ್ಟರೆ ಕಾವು ದಿಢೀರ್ ಅಂತ ಬೀಳುತ್ತದೆ. ಆಗ ನಾವು ಉರಿ ಏರಿಸುತ್ತೇವೆ. ಆದರೆ ಅಷ್ಟು ಎಣ್ಣೆ ಮತ್ತೆ ಕಾಯಲು ಹೊತ್ತು ಬೇಕು. ಅಷ್ಟರಲ್ಲಿ ಈ ಒಬ್ಬೆ ಕೆಟ್ಟಿರುತ್ತದೆ. ಬೋಂಡ ತೆಗೆದ ಮೇಲೆ ಕಾವು ಎಳೆದುಕೊಳ್ಳಲು ಬಾಣಲೆಯಲ್ಲಿ ಏನೂ ಇರುವುದಿಲ್ಲ, ಉರಿ ಮಾತ್ರ ಪೂರ್ತಿ ಇರುತ್ತದೆ. ಎಣ್ಣೆ ಹದ ಮೀರಿ ಕಾಯುತ್ತದೆ. ಮುಂದಿನ ಒಬ್ಬೆ ಬೀಳುವುದು ಆ ಎಣ್ಣೆಗೆ. ಮೊದಲನೆಯದು ಜಿಡ್ಡು, ಎರಡನೆಯದು ಹಸಿ. ಎರಡಕ್ಕೂ ಕಾರಣ ಒಂದೇ.

ಹಾಗಾಗಿ ಎಣ್ಣೆಯ ಮೇಲ್ಭಾಗದ ಅರ್ಧದಷ್ಟು ಜಾಗದಲ್ಲಿ ಮಾತ್ರ ಬೋಂಡ ತೇಲುವಷ್ಟು ಬಿಡಿ. ಹಿಟ್ಟು ಬಿಟ್ಟ ಕೂಡಲೇ ಉರಿ ಸ್ವಲ್ಪ ಏರಿಸಿ, ಸದ್ದು ಮತ್ತೆ ಜೋರಾದ ಮೇಲೆ ಮಧ್ಯಮಕ್ಕೆ ತನ್ನಿ. ಬೋಂಡ ತೆಗೆಯುವ ಮೊದಲೇ ಉರಿ ಸಣ್ಣದಾಗಿರಲಿ. ಪ್ರತಿ ಒಬ್ಬೆಗೂ ಮೊದಲು ಒಂದು ತೊಟ್ಟು ಹಿಟ್ಟು ಹಾಕಿ ನೋಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಎಣ್ಣೆ ಕಾದಿಲ್ಲ. ಬಿದ್ದ ತಕ್ಷಣ ಮೇಲೆ ಬಂದು ಕಂದು ಬಣ್ಣ ತಿರುಗಿದರೆ ಜಾಸ್ತಿ ಕಾದಿದೆ. ಒಳಗೆ ಇಳಿದು, ಗುಳ್ಳೆ ಬಿಡುತ್ತಾ ಮೇಲೆ ಬಂದು, ಬಣ್ಣ ಬದಲಾಯಿಸದೆ ತೇಲಿದರೆ ಅದು ಹದ. ಎಣ್ಣೆ ಹೊಗೆಯಾಡಿದರೆ ಒಲೆ ಆರಿಸಿ, ಸ್ವಲ್ಪ ಆರಲು ಬಿಡಿ.

ಇನ್ನೊಂದು ವಿಷಯ. ನೀವು ಬಜ್ಜಿ, ಬೋಂಡ ಎರಡನ್ನೂ ಒಂದೇ ಕಾವಿಗೆ ಹಾಕುತ್ತಿದ್ದೀರಿ ಅನ್ನಿಸುತ್ತದೆ. ಒಳಗೆ ಏನಿದೆ ಅನ್ನುವುದನ್ನು ನೋಡಿ ಕಾವು ಇಡಬೇಕು. ಆಲೂಗಡ್ಡೆ ಬೋಂಡದಲ್ಲಿ ಪಲ್ಯ ಮೊದಲೇ ಬೆಂದಿದೆ, ಮೇಲಿನ ಹಿಟ್ಟು ಬೆಂದರೆ ಸಾಕು. ಬಜ್ಜಿಯಲ್ಲಿ ತೆಳ್ಳನೆ ಹಿಟ್ಟು, ಒಳಗೆ ನೀರಿರುವ ಮೆಣಸಿನಕಾಯಿ. ಇವೆರಡಕ್ಕೂ ಎಣ್ಣೆ ಚೆನ್ನಾಗಿ ಕಾದಿರಬೇಕು. ಥರ್ಮಾಮೀಟರ್ ಇದ್ದರೆ 175ರಿಂದ 180 ಡಿಗ್ರಿ ಸೆಲ್ಸಿಯಸ್. ಉದ್ದಿನ ಬೋಂಡ ಪೂರ್ತಿ ಹಸಿ ಹಿಟ್ಟಿನ ಉಂಡೆ. ಕಾವು ನಡುವಿನವರೆಗೆ ಹೋಗಬೇಕು, ಅದಕ್ಕೆ ಹೊತ್ತು ಬೇಕು. 160ರಿಂದ 165 ಡಿಗ್ರಿಯಲ್ಲಿ ಚಿಕ್ಕ ನಿಂಬೆಹಣ್ಣಿನ ಗಾತ್ರದ್ದಕ್ಕೆ ಐದಾರು ನಿಮಿಷವಾದರೂ ಕೊಡಿ. ಮಗುಚುತ್ತಾ ಇರಿ. ಗಾತ್ರ ದೊಡ್ಡದು ಮಾಡಿದರೆ ಹಸಿ ಉಳಿಯುತ್ತದೆ, ನಾನಂತೂ ದೊಡ್ಡ ಬೋಂಡ ಹಾಕುವುದನ್ನೇ ಬಿಟ್ಟಿದ್ದೇನೆ. ಒಂದೇ ಒಲೆ ಇದ್ದರೆ ಮೊದಲು ಉದ್ದಿನ ಬೋಂಡ ಮುಗಿಸಿ, ಆಮೇಲೆ ಕಾವು ಏರಿಸಿ ಬಜ್ಜಿ ಹಾಕಿ. ಕಾದ ಎಣ್ಣೆಯನ್ನು ಇಳಿಸುವುದಕ್ಕಿಂತ ಏರಿಸುವುದು ಸುಲಭ.

ಬೆಂದದ್ದನ್ನು ಬಣ್ಣ ನೋಡಿ ಹೇಳಬೇಡಿ, ಗುಳ್ಳೆ ನೋಡಿ ಹೇಳಿ. ಹಿಟ್ಟು ಬಿಟ್ಟಾಗ ಸುತ್ತ ಜೋರಾಗಿ ನೊರೆ ಬರುತ್ತದೆ, ಅದು ಒಳಗಿನ ನೀರು ಹೊರಗೆ ಬರುತ್ತಿರುವುದು. ಅದು ಅಡಗಿ ಅಲ್ಲೊಂದು ಇಲ್ಲೊಂದು ಗುಳ್ಳೆ ಉಳಿದಾಗ ತೆಗೆಯಿರಿ. ಜಾಲರಿ ಸೌಟಿನಲ್ಲಿ ಎತ್ತಿದಾಗ ಹಗುರವಾಗಿರುತ್ತದೆ, ಒಂದಕ್ಕೊಂದು ತಗುಲಿದರೆ ಗಲಗಲ ಅನ್ನುತ್ತದೆ. ಮೊದಲ ಒಬ್ಬೆಯಲ್ಲಿ ಒಂದನ್ನು ಮುರಿದು ನೋಡದೆ ಯಾರಿಗೂ ಕೊಡಬೇಡಿ.

ಈಗ ಸೋಡ. ಅದು ಹಿಟ್ಟನ್ನು ಉಬ್ಬಿಸುತ್ತದೆ ನಿಜ. ಆದರೆ ಜಾಸ್ತಿಯಾದರೆ ಬಣ್ಣ ಇನ್ನೂ ಬೇಗ ಬರುತ್ತದೆ. ಅಂದರೆ ನಿಮ್ಮ ತೊಂದರೆಯನ್ನೇ ಅದು ಹೆಚ್ಚಿಸುತ್ತದೆ. ಮೇಲಿಂದ ಎಣ್ಣೆ ಕುಡಿಯುತ್ತದೆ, ಬಾಯಿಗೆ ಸೋಪಿನ ರುಚಿ. ಬಜ್ಜಿ ಹಿಟ್ಟಿಗೆ ಹಾಕಲೇಬೇಕು ಅಂದರೆ ಚಿಟಿಕೆ ಸಾಕು. ಉದ್ದಿನ ಬೋಂಡಕ್ಕೆ ಬೇಡವೇ ಬೇಡ, ಕಡಿಮೆ ನೀರಲ್ಲಿ ನುಣ್ಣಗೆ ರುಬ್ಬಿ ಕೈಯಲ್ಲಿ ಚೆನ್ನಾಗಿ ಕದಡಿ. ಒಂದು ಬಟ್ಟಲು ನೀರಿಗೆ ಚೂರು ಹಿಟ್ಟು ಹಾಕಿದರೆ ತೇಲಬೇಕು.

ಗರಿಗರಿ ಬೇಕಾದರೆ ಒಂದು ಲೋಟ ಕಡಲೆಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು ಹಾಕಿ. ಜತೆಗೆ ಉಪ್ಪು, ಅಚ್ಚಖಾರದ ಪುಡಿ, ಇಂಗು, ಅಂಗೈಯಲ್ಲಿ ಉಜ್ಜಿದ ಓಮ, ಕಲಸುವಾಗ ಒಂದು ಚಮಚ ಕಾದ ಎಣ್ಣೆ. ಮೆಣಸಿನಕಾಯಿ ಅದ್ದಿ ಎತ್ತಿದರೆ ಅದರ ಹಸಿರು ಮರೆಯಾಗಬೇಕು, ಹಿಟ್ಟು ಧಾರೆಯಾಗಿ ಇಳಿದು ನಿಲ್ಲಬೇಕು. ಗಟ್ಟಿ ಮಾಡಿದರೆ ಕಾಯಿಗೆ ತಾಗಿದ ಹಿಟ್ಟು ಬೇಯುವುದಿಲ್ಲ. ಕಾಯಿಯನ್ನು ತೊಳೆದು ಒಣ ಬಟ್ಟೆಯಲ್ಲಿ ಒರೆಸಲೇಬೇಕು, ತೇವವಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಉದ್ದಕ್ಕೆ ಒಂದು ಸೀಳು ಹಾಕಿ, ಇಲ್ಲದಿದ್ದರೆ ಒಳಗೆ ಆವಿ ಕಟ್ಟಿಕೊಂಡು ಎಣ್ಣೆಯಲ್ಲೇ ಸಿಡಿಯಬಹುದು.

ತೆಗೆದ ಮೇಲೆ ಮುಚ್ಚಳ ಹಾಕಬೇಡಿ, ಹಾಟ್‌ಬಾಕ್ಸ್‌ಗೂ ತುಂಬಬೇಡಿ. ಆವಿ ಅಲ್ಲೇ ತಿರುಗಿ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ತೂತಿನ ಪಾತ್ರೆಯಲ್ಲಿ ಒಂದು ಸಾಲು ಹರಡಿ.

ಈಗಾಗಲೇ ಹಸಿ ಉಳಿದಿದ್ದರೆ ಎಸೆಯಬೇಡಿ. ಆಲೂಗಡ್ಡೆ ಬೋಂಡ, ಬಜ್ಜಿಯನ್ನು ಹದ ಕಾವಿಗೆ ಇಳಿಸಿದ ಎಣ್ಣೆಯಲ್ಲಿ ಮತ್ತೊಮ್ಮೆ ಬಿಡಿ. ಉದ್ದಿನ ಬೋಂಡ ನಡುವೆ ಹಸಿಯಾಗಿದ್ದರೆ ಅರ್ಧ ಮಾಡಿ, ಹಸಿ ಭಾಗ ಎಣ್ಣೆಗೆ ತಾಗುವಂತೆ ಸಣ್ಣ ಉರಿಯಲ್ಲಿ ಕರಿಯಿರಿ. ನೋಡಲು ಅಂದವಿಲ್ಲ, ಆದರೆ ಚಟ್ನಿ ಜತೆ ಖಾಲಿಯಾಗುತ್ತದೆ.