ತಟ್ಟೆ ತುಂಬಾ ಉಂಡು ತೂಕ ಇಳಿಸುವುದು: ನಮ್ಮ ಕಾಸರಗೋಡಿನ ಊಟದಲ್ಲಿ

ಪ್ರಶ್ನೆ: ಅನ್ನ ಕಡಿಮೆ ಮಾಡಿದರೆ ಸಂಜೆ ನಾಲ್ಕಕ್ಕೇ ಹಸಿವು. ವಾಲ್ಯೂಮ್ ಈಟಿಂಗ್ ಅಂದ್ರೆ ಹೊಟ್ಟೆ ತುಂಬಾ ತಿಂದೂ ಸಣ್ಣ ಆಗಬಹುದಂತೆ. ಊರಿನ ಅನ್ನ, ಹುಳಿ, ಪಲ್ಯದಲ್ಲೇ ಇದು ಆಗುತ್ತಾ? ಓಟ್ಸ್, ಬ್ರೊಕೋಲಿ ಎಲ್ಲ ನನ್ನಿಂದಾಗದು.

ಆಗುತ್ತದೆ. ಓಟ್ಸೂ ಬೇಡ, ಬ್ರೊಕೋಲಿಯೂ ಬೇಡ. ನಮ್ಮ ಮನೆ ಬದಿಯಡ್ಕದ ಹತ್ತಿರ, ಅಡುಗೆ ನನ್ನದೇ. ತಮ್ಮನ ತೂಕ ಇಳಿಸಲು ಡಾಕ್ಟರ್ ಹೇಳಿದ ಮೇಲೆ ಅಡುಗೆಮನೆಗೆ ಒಂದು ತಕ್ಕಡಿ ತಂದು, ದಿನದ ಊಟವನ್ನೇ ತೂಗಿ ನೋಡಿದೆವು. ಆಗ ಗೊತ್ತಾದದ್ದನ್ನೇ ಬರೆಯುತ್ತೇನೆ.

ಇದರಲ್ಲಿ ನೋಡಬೇಕಾದ್ದು ಒಂದೇ ಲೆಕ್ಕ: ಒಂದು ಗ್ರಾಂ ಆಹಾರಕ್ಕೆ ಎಷ್ಟು ಕ್ಯಾಲೊರಿ. ನೀರು ಮತ್ತು ನಾರು ಇದ್ದಲ್ಲಿ ಈ ಲೆಕ್ಕ ಇಳಿಯುತ್ತದೆ, ಎಣ್ಣೆ ಕೊಬ್ಬು ಇದ್ದಲ್ಲಿ ಏರುತ್ತದೆ. ನೇಂದ್ರ ಬಾಳೆಯನ್ನೇ ನೋಡಿ. ಹಸಿ ಕಾಯಿಯಲ್ಲಿ ನೂರು ಗ್ರಾಮಿಗೆ ಸುಮಾರು 120 ಕ್ಯಾಲೊರಿ. ಅದನ್ನೇ ಚಿಪ್ಸ್ ಮಾಡಿದರೆ ನೂರು ಗ್ರಾಮಿಗೆ 500ರ ಮೇಲೆ. ನೀರು ಹೋಯಿತು, ಆ ಜಾಗಕ್ಕೆ ಎಣ್ಣೆ ಬಂತು. ಹೊಟ್ಟೆಗೆ ತಿಳಿಯುವುದು ಹೆಚ್ಚಾಗಿ ತೂಕ ಮತ್ತು ಗಾತ್ರ. ಕ್ಯಾಲೊರಿ ಎಷ್ಟು ಒಳಗೆ ಹೋಯಿತು ಅಂತ ಅದಕ್ಕೆ ಅಷ್ಟು ಬೇಗ ಗೊತ್ತಾಗುವುದಿಲ್ಲ.

ಈ ಲೆಕ್ಕದಲ್ಲಿ ನಮ್ಮ ತರಕಾರಿಗಳು ಬಹಳ ಒಳ್ಳೆಯವು. ಕುಂಬಳಕಾಯಿ, ಸೌತೆಕಾಯಿ, ಪಡುವಲ, ಹೀರೆ, ಬಾಳೆದಿಂಡು, ಹರಿವೆ, ಬಸಳೆ, ಎಲ್ಲದರಲ್ಲೂ ಹೆಚ್ಚಿನ ಪಾಲು ನೀರೇ. ಹೆಚ್ಚಿನವು ನೂರು ಗ್ರಾಮಿಗೆ 15ರಿಂದ 30 ಕ್ಯಾಲೊರಿ, ಅಷ್ಟೆ. ಬೆಂದ ಕುಚ್ಚಲಕ್ಕಿ ಅನ್ನ ಸುಮಾರು 130. ನಮ್ಮ ಊಟದಲ್ಲಿ ಕಣ್ಣಿಗೆ ಬೀಳದೆ ಲೆಕ್ಕ ಏರಿಸುವುದು ತೆಂಗಿನಕಾಯಿ. ಹಸಿ ಕಾಯಿತುರಿ ನೂರು ಗ್ರಾಮಿಗೆ ಸುಮಾರು 350. ಒಂದು ಕಡಿ ತುರಿದರೆ ನೂರು ಗ್ರಾಂ ದಾಟುವುದು ಸುಲಭ. ಅದು ಹುಳಿಗೆ, ಮತ್ತೆ ಪಲ್ಯದ ಮೇಲೆ, ಮತ್ತೆ ಚಟ್ನಿಗೆ. ಎಲ್ಲರೂ ಅನ್ನವನ್ನೇ ದೂರುತ್ತಾರೆ, ಕಾಯಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ತೆಂಗಿನಕಾಯಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತೂಕ ಇಳಿಸುವವರು ಅದನ್ನು ಕೈ ಅಂದಾಜಿನಲ್ಲಿ ಹಾಕಬಾರದು, ಅಷ್ಟೇ.

ತಮ್ಮನ ಮಧ್ಯಾಹ್ನದ ತಟ್ಟೆ ಮೊದಲು ಹೀಗಿತ್ತು. ಅನ್ನ 350 ಗ್ರಾಂ, ಸುಮಾರು 455 ಕ್ಯಾಲೊರಿ. ಸೌತೆಕಾಯಿ ಹುಳಿ ಒಂದು ಬಟ್ಟಲು. ಅವನ ಪಾಲಿನ ಕಾಯಿ 30 ಗ್ರಾಂ, ಬೇಳೆ ಹೋಳು ಸೇರಿ ಸುಮಾರು 150. ತೊಂಡೆಕಾಯಿ ಪಲ್ಯ ಒಂದು ಸೌಟು, ಎರಡು ಚಮಚ ತೆಂಗಿನೆಣ್ಣೆ, ಮೇಲೆ ಕಾಯಿತುರಿ, ಸುಮಾರು 175. ಒಟ್ಟು 780. ತಟ್ಟೆಯ ತೂಕ ಸುಮಾರು 700 ಗ್ರಾಂ.

ಬದಲಾಯಿಸಿದ ತಟ್ಟೆ ಹೀಗೆ. ಅನ್ನ 180 ಗ್ರಾಂ, 235 ಕ್ಯಾಲೊರಿ. ಹುಳಿಯಲ್ಲಿ ಹೋಳು ಎರಡು ಪಟ್ಟು, ಬೇಳೆ ಸ್ವಲ್ಪ ಜಾಸ್ತಿ, ಕಾಯಿ 10 ಗ್ರಾಂ ಮಾತ್ರ. ದೊಡ್ಡ ಬಟ್ಟಲಿಗೆ 135. ಅದೇ ತೊಂಡೆಕಾಯಿ ಪಲ್ಯ ಎರಡು ಸೌಟಿಗೂ ಜಾಸ್ತಿ, ಎಣ್ಣೆ ಒಂದು ಚಹಾ ಚಮಚ ಅಳೆದು, ಕಾಯಿ ಚಿಟಿಕೆಯಷ್ಟು. ಸುಮಾರು 120. ಇದರ ಜೊತೆ ಮುಳ್ಳುಸೌತೆ ಹೆಸರುಬೇಳೆ ಕೋಸಂಬರಿ ಒಂದು ಬಟ್ಟಲು, 75. ಒಟ್ಟು 565. ತೂಕ 900 ಗ್ರಾಂ ದಾಟಿತು. ಅಂದರೆ ತಟ್ಟೆಗೆ ಇನ್ನೂರು ಗ್ರಾಂ ಜಾಸ್ತಿ ಬಂತು, ಕ್ಯಾಲೊರಿ ಇನ್ನೂರಕ್ಕೂ ಮೇಲೆ ಇಳಿಯಿತು. ಉಂಡು ಏಳುವಾಗ ಕೊರತೆ ಅನ್ನಿಸುವುದಿಲ್ಲ.

ಕಾಯಿ ಕಡಿಮೆ ಮಾಡಿದರೆ ಹುಳಿ ನೀರಾಗುತ್ತದಲ್ವಾ ಅಂತ ಕೇಳಬಹುದು. ಅದಕ್ಕೆ ದಾರಿ ಇದೆ. ಬೆಂದ ಸೌತೆ ಅಥವಾ ಕುಂಬಳದ ನಾಲ್ಕೈದು ಹೋಳನ್ನೂ ಒಂದು ಚಮಚ ಬೆಂದ ಬೇಳೆಯನ್ನೂ ಮಸಾಲೆಯ ಜೊತೆಗೇ ಅರೆಯಿರಿ. ಕೊತ್ತಂಬರಿ, ಜೀರಿಗೆ, ಮೆಣಸನ್ನು ಸ್ವಲ್ಪ ಜಾಸ್ತಿ ಹುರಿಯಿರಿ. ಮಂದ ಬರುತ್ತದೆ, ರುಚಿ ಎಲ್ಲೂ ಹೋಗುವುದಿಲ್ಲ. ವಾರದಲ್ಲಿ ಎರಡು ಮೂರು ದಿನ ಬೋಳುಹುಳಿಯನ್ನೇ ಮಾಡಿ. ಅದರಲ್ಲಿ ಕಾಯಿಯೇ ಇಲ್ಲ, ಬೆಳ್ಳುಳ್ಳಿ ಒಗ್ಗರಣೆಯೇ ಸಾಕು. ಬಸಳೆಯದ್ದಂತೂ ನನಗೆ ಕಾಯಿ ಹಾಕಿದ್ದಕ್ಕಿಂತ ಇಷ್ಟ.

ರಾತ್ರಿಗೆ ಗಂಜಿ ಉಣ್ಣಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಹೆಂಗಸರಿಗೆ ಊಟಕ್ಕೆ ಮುಂಚೆ ಅನ್ನ, ಕೋಳಿ, ತರಕಾರಿಯ ಒಂದೇ ತಿನಿಸನ್ನು ಒಮ್ಮೆ ಹಾಗೆಯೇ ಕೊಟ್ಟರು, ಒಮ್ಮೆ ಜೊತೆಗೆ ಒಂದು ಲೋಟ ನೀರು ಕೊಟ್ಟರು, ಒಮ್ಮೆ ಅದೇ ನೀರನ್ನು ಬೆರೆಸಿ ಸೂಪ್ ಮಾಡಿ ಕೊಟ್ಟರು. ಸೂಪ್ ಕುಡಿದ ದಿನ ಆಮೇಲಿನ ಊಟ ಕಡಿಮೆಯಾಯಿತು. ಪಕ್ಕದಲ್ಲಿ ನೀರು ಕುಡಿದ ದಿನ ಅಷ್ಟು ಫಲ ಸಿಗಲಿಲ್ಲ. ನೀರು ಆಹಾರದ ಒಳಗೇ ಇರಬೇಕು. ನಮ್ಮ ಗಂಜಿಯಲ್ಲಿ ಅದು ಮೊದಲಿನಿಂದಲೂ ಇದೆ. ಒಂದು ದೊಡ್ಡ ಬಟ್ಟಲಿಗೆ 120 ಗ್ರಾಂ ಅನ್ನ, ಉಳಿದದ್ದು ತೆಳಿ. ಪಕ್ಕಕ್ಕೆ ಹೆಸರುಕಾಳು ಪಲ್ಯ, ಅಥವಾ ಮೀನು ತಿನ್ನುವವರಾದರೆ ಕಾಯಿ ಕಡಿಮೆ ಹಾಕಿದ ಮೀನುಸಾರು.

ಈ ಕಾಳು, ಮೀನು, ಮೊಟ್ಟೆ ಬಿಡಬೇಡಿ. ಬರೀ ಸೊಪ್ಪು ತರಕಾರಿಯಿಂದ ಹೊಟ್ಟೆ ಬಿಗಿಯುತ್ತದೆ, ಆದರೆ ಎರಡು ಗಂಟೆಗೇ ಮತ್ತೆ ಹಸಿವು. ನಿಮ್ಮ ನಾಲ್ಕು ಗಂಟೆಯ ಹಸಿವಿಗೂ ಇದು ಒಂದು ಕಾರಣ ಇರಬಹುದು. ಅನ್ನ ತೆಗೆದಿರಿ, ಆ ಜಾಗಕ್ಕೆ ಏನೂ ಹಾಕಲಿಲ್ಲ ಅಲ್ವಾ? ಮೊದಲು ತರಕಾರಿ ಮತ್ತು ಕಾಳು ಸೇರಿಸಿ, ಆಮೇಲೆ ಅನ್ನ ಇಳಿಸಿ.

ಆದರೆ ಒಂದೇ ದಿನ ತರಕಾರಿ ಎರಡು ಪಟ್ಟು ಮಾಡಬೇಡಿ. ಹೊಟ್ಟೆ ಉಬ್ಬರಿಸಿ ಗ್ಯಾಸ್ ಆಗುತ್ತದೆ, ಇದು ನನಗೆ ಒಗ್ಗಲ್ಲ ಅಂತ ಬಿಟ್ಟುಬಿಡುವವರು ಬಹಳ. ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ಸೌಟು ಏರಿಸಿ, ನೀರು ಚೆನ್ನಾಗಿ ಕುಡಿಯಿರಿ. ಮೂತ್ರಕೋಶ ಅಥವಾ ಕಿಡ್ನಿಯಲ್ಲಿ ಕಲ್ಲು ಆದವರು ದಿನಾ ಬಸಳೆ ಹರಿವೆ ತಿನ್ನಬಾರದು, ಅದರಲ್ಲಿ ಆಕ್ಸಲೇಟ್ ಜಾಸ್ತಿ. ಪಡುವಲ, ಸೌತೆ, ಕುಂಬಳಕ್ಕೆ ಹೋಗಿ. ಕಿಡ್ನಿ ಕಾಯಿಲೆ ಇದ್ದವರು, ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲೇ ಡಾಕ್ಟರ ಹತ್ತಿರ ಕೇಳಬೇಕು.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಗೆ ನೋಡಿ. ಮೂರು ವಾರವಾದರೂ ಇಳಿಯದಿದ್ದರೆ ಮೊದಲು ಒಗ್ಗರಣೆಯ ಎಣ್ಣೆಯನ್ನೂ ಕಾಯಿತುರಿಯನ್ನೂ ಮತ್ತೆ ಅಳೆಯಿರಿ, ಆಮೇಲೆ ಅನ್ನಕ್ಕೆ ಕೈ ಹಾಕಿ. ಗಂಜಿಗೆ ಉಪ್ಪಿನಕಾಯಿ ಜಾಸ್ತಿ ನಂಜಿಕೊಂಡ ಮರುದಿನ ತೂಕ ಏರಿದ್ದು ಕಂಡರೆ ಗಾಬರಿ ಬೇಡ. ಅದು ಉಪ್ಪು ಹಿಡಿದಿಟ್ಟ ನೀರು, ಒಂದೆರಡು ದಿನದಲ್ಲಿ ಹೋಗುತ್ತದೆ.